ಸ್ವಂತ ಕಾರು, ಹಳೆಯ ಒಡವೆಗಳ ಮಾರಾಟ ಮತ್ತು ಬಂಡವಾಳ ಲಾಭ ತೆರಿಗೆ

ವ್ಯಾಪಾರಿಯಲ್ಲದ ಒಬ್ಬ ವ್ಯಕ್ತಿ ತನ್ನ ಬಳಕೆಯ ಕಾರನ್ನೋ ಮನೆಯ ಹಳೆಯ ಒಡವೆಯನ್ನೋ ಮಾರಿದಾಗ ಬಂದ ಹಣಕ್ಕೆ ಆದಾಯ ತೆರಿಗೆ ಬೀಳುತ್ತದೆಯೇ, ಬಿದ್ದರೆ ಎಷ್ಟು ಎಂಬುದನ್ನು ಭಾರತದಲ್ಲಿ ಬಂಡವಾಳ ಲಾಭದ ನಿಯಮಗಳು ತೀರ್ಮಾನಿಸುತ್ತವೆ. ಎರಡೂ ಒಂದೇ ಮನೆಯ ಚರ ವಸ್ತುಗಳಾದರೂ ಕಾನೂನು ಇವನ್ನು ಬೇರೆ ಬೇರೆಯಾಗಿ ನೋಡುತ್ತದೆ. ಸ್ವಂತಕ್ಕೆ ಓಡಿಸಿದ ಕಾರು 'ಬಂಡವಾಳ ಆಸ್ತಿ' ಅಲ್ಲ. ಆದ್ದರಿಂದ ಅದರ ಮಾರಾಟದಲ್ಲಿ ಲಾಭವಾದರೂ ತೆರಿಗೆಯಿಲ್ಲ, ನಷ್ಟವಾದರೂ ಲೆಕ್ಕಕ್ಕಿಲ್ಲ. ಒಡವೆ ದಿನವೂ ಮೈಮೇಲಿದ್ದರೂ ಬಂಡವಾಳ ಆಸ್ತಿಯೇ; ಅದನ್ನು ಮಾರಿದ ಲಾಭ ತೆರಿಗೆಗೆ ಒಳಪಡುತ್ತದೆ. ಹೀಗಾಗಿ ಮೊದಲು ಕೇಳಬೇಕಾದದ್ದು ಎಷ್ಟು ಲಾಭ ಬಂತು ಎಂದಲ್ಲ, ಮಾರಿದ ವಸ್ತು ಯಾವ ಬಗೆಯದು, ಅದನ್ನು ಹೇಗೆ ಬಳಸಲಾಗಿತ್ತು ಎಂದು.

ಇಲ್ಲಿ ಕೊಟ್ಟಿರುವ ಕಲಂ ಸಂಖ್ಯೆಗಳು 1961ರ ಆದಾಯ ತೆರಿಗೆ ಕಾಯ್ದೆಯವು; ದರಗಳು 2025–26ನೇ ಹಣಕಾಸು ವರ್ಷದವು. 2026ರ ಏಪ್ರಿಲ್ 1ರಿಂದ ಆ ಕಾಯ್ದೆಯ ಸ್ಥಾನದಲ್ಲಿ 2025ರ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಕಲಂ ಸಂಖ್ಯೆಗಳು ಬದಲಾಗಿದ್ದರೂ ವೈಯಕ್ತಿಕ ವಸ್ತು ಮತ್ತು ಒಡವೆಯ ನಡುವಿನ ಭೇದ ಹಾಗೆಯೇ ಉಳಿದಿದೆ.

ಕಾನೂನಿನ ನೆಲೆ

ಕಲಂ 45ರ ಪ್ರಕಾರ ಬಂಡವಾಳ ಆಸ್ತಿಯನ್ನು ವರ್ಗಾಯಿಸಿದಾಗ ಬರುವ ಲಾಭಕ್ಕೆ ತೆರಿಗೆಯುಂಟು. ಯಾವುದು ಬಂಡವಾಳ ಆಸ್ತಿ ಎಂಬುದನ್ನು ಕಲಂ 2(14) ಹೇಳುತ್ತದೆ. ಅದು ಮೊದಲು ಎಲ್ಲ ಬಗೆಯ ಆಸ್ತಿಯನ್ನೂ ಒಳಗೆ ತೆಗೆದುಕೊಂಡು, ಆಮೇಲೆ ಕೆಲವನ್ನು ಹೊರಗಿಡುತ್ತದೆ. ಹೊರಗಿಟ್ಟವುಗಳಲ್ಲಿ ಒಂದು ವೈಯಕ್ತಿಕ ಬಳಕೆಯ ವಸ್ತುಗಳು: ತೆರಿಗೆದಾರನಾಗಲಿ ಅವನನ್ನು ಅವಲಂಬಿಸಿದ ಕುಟುಂಬದವರಾಗಲಿ ಸ್ವಂತ ಬಳಕೆಗೆಂದು ಇಟ್ಟುಕೊಂಡ ಚರ ವಸ್ತುಗಳು. ಉಡುಪು, ಪೀಠೋಪಕರಣಗಳ ಹೆಸರು ಕಾನೂನಿನಲ್ಲೇ ಇದೆ. ಕಾರು, ಸ್ಕೂಟರ್, ಫ್ರಿಜ್, ಟಿವಿ, ಮೊಬೈಲು ಇದೇ ಗುಂಪಿಗೆ ಸೇರುತ್ತವೆ.

ಹೀಗೆ ಹೊರಗಿಟ್ಟ ಗುಂಪಿನಿಂದ ಕೆಲವನ್ನು ಕಾನೂನು ಮತ್ತೆ ತೆರಿಗೆಯ ಒಳಕ್ಕೆ ಎಳೆದುಕೊಂಡಿದೆ. ಮೊದಲು ಸ್ವಂತ ಬಳಕೆಯ ಒಡವೆಯೂ ವೈಯಕ್ತಿಕ ವಸ್ತುವೆಂದು ತಪ್ಪಿಸಿಕೊಳ್ಳಬಹುದಾಗಿತ್ತು. 1972ರ ಹಣಕಾಸು ಕಾಯ್ದೆ ಮಾಡಿದ ತಿದ್ದುಪಡಿಯಿಂದ 1973ರ ಏಪ್ರಿಲ್ 1ರಿಂದ ಆ ದಾರಿ ಮುಚ್ಚಿತು. 2007ರ ಹಣಕಾಸು ಕಾಯ್ದೆ ಪುರಾತತ್ವ ಸಂಗ್ರಹ, ರೇಖಾಚಿತ್ರ, ವರ್ಣಚಿತ್ರ, ಶಿಲ್ಪ ಮತ್ತು ಇತರ ಕಲಾಕೃತಿಗಳನ್ನೂ ಇದೇ ಪಟ್ಟಿಗೆ ಸೇರಿಸಿತು.

ಒಡವೆ ಎಂಬುದಕ್ಕೆ ಕಾನೂನು ಕೊಡುವ ಅರ್ಥ ವಿಶಾಲವಾದದ್ದು. ಚಿನ್ನ, ಬೆಳ್ಳಿ, ಪ್ಲಾಟಿನಂ ಅಥವಾ ಬೇರಾವುದೇ ಅಮೂಲ್ಯ ಲೋಹದ ಆಭರಣ, ಅವುಗಳ ಮಿಶ್ರಲೋಹದ ಆಭರಣ, ಕಲ್ಲು ಕೂರಿಸಿರಲಿ ಬಿಡಲಿ, ಎಲ್ಲವೂ ಅದರಲ್ಲಿ ಬರುತ್ತವೆ. ಬಟ್ಟೆಗೆ ಹೊಲಿದ ಆಭರಣವೂ, ಪೀಠೋಪಕರಣಕ್ಕೋ ಪಾತ್ರೆಗೋ ಕೂರಿಸಿದ ರತ್ನವೂ ಸೇರುತ್ತವೆ. ಕಾಸಿನ ಸರ, ಬಳೆ, ಡಾಬು, ವಂಕಿ, ಕಾಲ್ಗೆಜ್ಜೆ, ಮಾಂಗಲ್ಯದ ಸರ ಯಾವುದಕ್ಕೂ ವಿನಾಯಿತಿಯಿಲ್ಲ. ಆದರೆ ಊಟದ ಮನೆಯಲ್ಲಿ ನಿಜವಾಗಿ ಬಳಸುವ, ಕಲ್ಲು ಕೂರಿಸದ ಬೆಳ್ಳಿ ತಟ್ಟೆ ಲೋಟಗಳು ಆಭರಣವಲ್ಲ. ಅವು ವೈಯಕ್ತಿಕ ವಸ್ತುಗಳೆಂದು ವಾದಿಸಲು ಅವಕಾಶವಿದೆ. ಬೀರುವಿನಲ್ಲಿಟ್ಟ ಚಿನ್ನದ ಬಿಸ್ಕತ್ತು, ನಾಣ್ಯಗಳಿಗೆ ಆ ಅವಕಾಶವೂ ಇಲ್ಲ. ಅವು ಆಭರಣವಲ್ಲ ನಿಜ, ಆದರೆ ವೈಯಕ್ತಿಕ ಬಳಕೆಯ ವಸ್ತುಗಳೂ ಅಲ್ಲ.

ಈ ಕೊನೆಯ ಮಾತಿಗೆ ಆಧಾರ ಮಹಾರಾಜ ರಾಣಾ ಹೇಮಂತ್ ಸಿಂಗ್‌ಜಿ ಪ್ರಕರಣದಲ್ಲಿ 1976ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು. ಚಿನ್ನದ ಸವರನ್, ಬೆಳ್ಳಿ ನಾಣ್ಯ, ಬೆಳ್ಳಿ ಗಟ್ಟಿಗಳನ್ನು ಮಾರಿದ್ದಕ್ಕೆ ತೆರಿಗೆ ಬಿದ್ದಾಗ, ಅವನ್ನು ಪೂಜೆಗೆ ಬಳಸುತ್ತಿದ್ದುದರಿಂದ ಅವು ವೈಯಕ್ತಿಕ ವಸ್ತುಗಳೆಂದು ವಾದಿಸಲಾಯಿತು. ನ್ಯಾಯಾಲಯ ಒಪ್ಪಲಿಲ್ಲ. ವಸ್ತುವಿಗೂ ಅದರ ಒಡೆಯನ ದೇಹಕ್ಕೂ ದಿನಚರಿಗೂ ನಿಕಟ ಸಂಬಂಧವಿರಬೇಕು, ವರ್ಷಕ್ಕೊಮ್ಮೆ ಪೂಜೆಗಿಟ್ಟರೆ ಸಾಲದು ಎಂಬುದು ತೀರ್ಪಿನ ತಿರುಳು. ವೈಯಕ್ತಿಕ ಬಳಕೆಯ ಪ್ರಶ್ನೆ ಎದ್ದಾಗಲೆಲ್ಲ ಇಂದಿಗೂ ಈ ಅಳತೆಗೋಲನ್ನೇ ಹಿಡಿಯಲಾಗುತ್ತದೆ.

ಕಾರಿನ ಮಾರಾಟ

ಸಂಬಳದಾರನೊಬ್ಬ ಮನೆಯವರ ಓಡಾಟಕ್ಕೆ ಕೊಂಡ ಕಾರನ್ನು ಮಾರಿದರೆ ಲೆಕ್ಕ ಅಲ್ಲಿಗೇ ಮುಗಿಯುತ್ತದೆ. 2016ರಲ್ಲಿ 5,80,000 ರೂಪಾಯಿಗೆ ಕೊಂಡ ಕಾರು 2025ರಲ್ಲಿ 2,10,000ಕ್ಕೆ ಹೋಯಿತು ಎಂದಿಟ್ಟುಕೊಳ್ಳೋಣ. ಈ 2,10,000 ಆದಾಯವಲ್ಲ. ರಿಟರ್ನ್‌ನ ಬಂಡವಾಳ ಲಾಭದ ಪಟ್ಟಿಯಲ್ಲಿ ಅದನ್ನು ತೋರಿಸಬೇಕಾಗಿಯೂ ಇಲ್ಲ. ಆದರೆ 3,70,000ದ ನಷ್ಟವನ್ನು ಅದೇ ವರ್ಷ ಷೇರಿನಲ್ಲೋ ಒಡವೆಯಲ್ಲೋ ಬಂದ ಲಾಭದಿಂದ ಕಳೆಯುವಂತೆಯೂ ಇಲ್ಲ. ತೆರಿಗೆಯ ವ್ಯಾಪ್ತಿಯಲ್ಲೇ ಇಲ್ಲದ ವಸ್ತುವಿನ ನಷ್ಟಕ್ಕೂ ಅದರೊಳಗೆ ಜಾಗವಿಲ್ಲ. ಕಾಯುವಿಕೆ ಹೆಚ್ಚಿರುವ ಮಾದರಿಯ ಕಾರನ್ನು ಕೊಂಡ ಬೆಲೆಗಿಂತ ಹೆಚ್ಚಿಗೆ ಮಾರಿದರೆ ಆ ಲಾಭಕ್ಕೂ ತೆರಿಗೆಯಿಲ್ಲ. ಆದರೆ ವರ್ಷಕ್ಕೆ ಹಲವು ಬಾರಿ ಕೊಂಡು ಮಾರುತ್ತಿದ್ದರೆ ಅದು ವ್ಯಾಪಾರ. ಆಗ ಲಾಭ ವ್ಯಾಪಾರದ ಆದಾಯವಾಗುತ್ತದೆ.

ಬಳಕೆಯ ಪ್ರಶ್ನೆ ಗಟ್ಟಿಯಾಗಿ ಎದುರಾಗುವುದು ಹಳೆಯ ಕಾಲದ ಅಪರೂಪದ ಕಾರುಗಳಲ್ಲಿ. 1983ರಲ್ಲಿ 20,000 ರೂಪಾಯಿಗೆ ಕೊಂಡ 1931ರ ಫೋರ್ಡ್ ಟೂರರ್ ಕಾರೊಂದನ್ನು ಮುಂದೆ 21 ಲಕ್ಷಕ್ಕೆ ಮಾರಿದ ಪ್ರಕರಣ ಬಾಂಬೆ ಹೈಕೋರ್ಟಿನವರೆಗೆ ಹೋಯಿತು. ಕಾರು ವೈಯಕ್ತಿಕ ಬಳಕೆಗೆ ಒದಗುವ ವಸ್ತು ಎಂದಷ್ಟೇ ಹೇಳಿದರೆ ಸಾಲದು, ಅದನ್ನು ನಿಜವಾಗಿ ಹಾಗೆ ಬಳಸಿದ್ದನ್ನು ಮಾರಿದವನೇ ತೋರಿಸಬೇಕು ಎಂದು ನ್ಯಾಯಾಲಯ ಹೇಳಿತು. ಅಂಥ ಸಾಕ್ಷ್ಯವಿಲ್ಲದೆ ವಿನಾಯಿತಿ ಸಿಗಲಿಲ್ಲ. ಹಾಗಾಗಿ ಗ್ಯಾರೇಜಿನಲ್ಲಿ ನಿಲ್ಲಿಸಿ ಬೆಲೆ ಏರಲು ಕಾಯುವ ಕಾರು, ನಿತ್ಯ ಓಡುವ ಕಾರಿನಂತೆ ತೆರಿಗೆಯಿಂದ ಪಾರಾಗುತ್ತದೆಂದು ನಂಬುವಂತಿಲ್ಲ. ಇನ್ಶೂರೆನ್ಸ್ ಪಾಲಿಸಿ, ಸರ್ವಿಸ್ ಬಿಲ್ಲು, ಪೆಟ್ರೋಲಿನ ಖರ್ಚು, ಓಡಿದ ಕಿಲೋಮೀಟರಿನ ದಾಖಲೆಗಳೇ ಇಲ್ಲಿ ಬಳಕೆಯ ಸಾಕ್ಷಿ.

ಸವಕಳಿ ಪಡೆದ ಕಾರು

ಕಾರು ತೆರಿಗೆಯ ವ್ಯಾಪ್ತಿಗೆ ಬರುವ ಸಾಮಾನ್ಯ ಸಂದರ್ಭ ಇನ್ನೊಂದಿದೆ. ವೈದ್ಯ, ವಕೀಲ, ಗುತ್ತಿಗೆದಾರ, ಅಂಗಡಿಕಾರ ತನ್ನ ವೃತ್ತಿಯ ಲೆಕ್ಕದಲ್ಲಿ ಕಾರನ್ನು ತೋರಿಸಿ ಪ್ರತಿ ವರ್ಷ ಸವಕಳಿ ಕಳೆಯುತ್ತ ಬಂದಿದ್ದರೆ ಅದು ವೈಯಕ್ತಿಕ ವಸ್ತುವಲ್ಲ. ಆರ್‌ಸಿಯಲ್ಲಿ ಅವನ ಸ್ವಂತ ಹೆಸರಿದ್ದರೂ ಅದರಿಂದ ಏನೂ ಬದಲಾಗದು.

ಸಾಧಾರಣ ಕಾರಿಗೆ ಸವಕಳಿ ವರ್ಷಕ್ಕೆ ಉಳಿದ ಮೌಲ್ಯದ ಶೇ. 15. ಹುಬ್ಬಳ್ಳಿಯ ದಂತವೈದ್ಯೆಯೊಬ್ಬರು 2022ರ ಏಪ್ರಿಲ್‌ನಲ್ಲಿ 10,00,000 ರೂಪಾಯಿಗೆ ಕಾರು ಕೊಂಡು ಪೂರ್ತಿ ವೃತ್ತಿಗೆ ಬಳಸಿದರೆನ್ನೋಣ. ಮೊದಲ ವರ್ಷದ ಕೊನೆಗೆ ಮೌಲ್ಯ 8,50,000, ಎರಡನೆಯ ವರ್ಷಕ್ಕೆ 7,22,500, ಮೂರನೆಯ ವರ್ಷಕ್ಕೆ 6,14,125. 2025–26ರಲ್ಲಿ ಅದನ್ನು 7,00,000ಕ್ಕೆ ಮಾರಿದರು. ಕೊಂಡ ಬೆಲೆಗೆ ಹೋಲಿಸಿದರೆ ಮೂರು ಲಕ್ಷ ಕಳೆದುಕೊಂಡಿದ್ದಾರೆ. ಆದರೂ ಪುಸ್ತಕದ ಮೌಲ್ಯಕ್ಕಿಂತ 85,875 ರೂಪಾಯಿ ಹೆಚ್ಚು ಬಂದಿದೆ. ಕಲಂ 50ರ ಪ್ರಕಾರ ಈ ಹೆಚ್ಚುವರಿ ಅಲ್ಪಾವಧಿ ಬಂಡವಾಳ ಲಾಭ. ಕಾರನ್ನು ಎಷ್ಟು ವರ್ಷ ಇಟ್ಟುಕೊಂಡಿದ್ದರೂ ಅದು ಅಲ್ಪಾವಧಿಯದೇ ಆಗಿ, ಅವರ ಇತರ ಆದಾಯದೊಡನೆ ಸೇರಿ ಸ್ಲ್ಯಾಬ್ ದರದಲ್ಲಿ ತೆರಿಗೆಗೆ ಬರುತ್ತದೆ. ಹಿಂದೆ ಸವಕಳಿಯಾಗಿ ಕಳೆದುಕೊಂಡದ್ದರಲ್ಲಿ ಒಂದು ಪಾಲನ್ನು ಸರ್ಕಾರ ಹೀಗೆ ಹಿಂದಕ್ಕೆ ಪಡೆಯುತ್ತದೆ.

ಈ ಲೆಕ್ಕ ಒಂದೊಂದು ವಸ್ತುವಿನದಲ್ಲ, ಒಂದೇ ಸವಕಳಿ ದರದ ವಸ್ತುಗಳ ಇಡೀ ಗುಂಪಿನದು. ಅದೇ ಶೇ. 15ರ ಗುಂಪಿನಲ್ಲಿ ಅವರ ಕ್ಲಿನಿಕ್ಕಿನ ಯಂತ್ರಗಳ ಮೌಲ್ಯ ಇನ್ನೂ 5,00,000 ಇದ್ದರೆ ಗುಂಪಿನ ಮೊತ್ತ 11,14,125. ಕಾರಿನ ಮಾರಾಟದ 7,00,000 ಅದರಿಂದ ಕಳೆದುಹೋಗಿ 4,14,125 ಉಳಿಯುತ್ತದೆ. ಆಗ ಆ ವರ್ಷ ಲಾಭವೇ ಹುಟ್ಟುವುದಿಲ್ಲ, ಮುಂದಿನ ಸವಕಳಿ ಮಾತ್ರ ಕಡಿಮೆಯಾಗುತ್ತದೆ. ಗುಂಪಿನಲ್ಲಿ ಕಾರೊಂದೇ ಇದ್ದು 5,00,000ಕ್ಕೆ ಮಾರಿದ್ದರೆ 1,14,125 ಅಲ್ಪಾವಧಿ ನಷ್ಟ. ಈ ನಷ್ಟವನ್ನು ಒಡವೆ ಮಾರಿದ ಲಾಭದಿಂದಲೂ ಕಳೆಯಬಹುದು. ಸ್ವಂತ ಬಳಕೆಯ ಕಾರಿನ ನಷ್ಟಕ್ಕೆ ಇಲ್ಲದ ಸೌಲಭ್ಯ ಇದು.

ಕಲಂ 44ಎಡಿ ಅಥವಾ 44ಎಡಿಎ ಅಡಿಯಲ್ಲಿ ಅಂದಾಜು ಲಾಭ ತೋರಿಸುವವರು ಸವಕಳಿಯನ್ನು ಬೇರೆಯಾಗಿ ಕಳೆಯುವುದಿಲ್ಲ. ಹಾಗೆಂದು ಅವರ ವೃತ್ತಿಯ ಕಾರಿನ ಮೌಲ್ಯ ಕೊಂಡ ಬೆಲೆಯಲ್ಲೇ ನಿಲ್ಲುವುದಿಲ್ಲ. ಪ್ರತಿ ವರ್ಷ ಸವಕಳಿ ಪಡೆದಂತೆಯೇ ಕಾನೂನು ಎಣಿಸುತ್ತದೆ.

ಒಡವೆಯ ಮಾರಾಟ: ಅವಧಿ ಮತ್ತು ದರ

ಒಡವೆ ಮಾರಿದ ಲಾಭದ ಲೆಕ್ಕಕ್ಕೆ ಮೂರು ಅಂಕಿಗಳು ಬೇಕು: ಬಂದ ಬೆಲೆ, ಮಾರಾಟಕ್ಕೆಂದೇ ಮಾಡಿದ ಖರ್ಚು, ಮೂಲ ವೆಚ್ಚ. ಬಂದ ಬೆಲೆಯಿಂದ ಉಳಿದೆರಡನ್ನು ಕಳೆದರೆ ಸಿಗುವುದು ಲಾಭ.

ಒಡವೆಯನ್ನು 24 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡಿದ್ದರೆ ಲಾಭ ದೀರ್ಘಾವಧಿಯದು, ಇಲ್ಲವಾದರೆ ಅಲ್ಪಾವಧಿಯದು. ಅಲ್ಪಾವಧಿ ಲಾಭ ಸ್ಲ್ಯಾಬ್ ದರಕ್ಕೆ ಹೋಗುತ್ತದೆ. ದೀರ್ಘಾವಧಿ ಲಾಭಕ್ಕೆ ಶೇ. 12.5 ತೆರಿಗೆ, ಅದರ ಮೇಲೆ ಶೇ. 4 ಸೆಸ್. 2024ರ ಜುಲೈ 23ಕ್ಕೆ ಮೊದಲು ಅವಧಿಯ ಗಡಿ 36 ತಿಂಗಳಿತ್ತು, ದರ ಶೇ. 20 ಇತ್ತು, ಆದರೆ ಹಣದುಬ್ಬರಕ್ಕೆ ತಕ್ಕಂತೆ ಮೂಲ ವೆಚ್ಚವನ್ನು ಏರಿಸಿಕೊಳ್ಳುವ ಸೂಚ್ಯಂಕದ ಸೌಲಭ್ಯವೂ ಇತ್ತು. ಈಗ ಆ ಸೌಲಭ್ಯ ಒಡವೆಗಿಲ್ಲ. ಹಳೆಯ ಜಮೀನು, ಕಟ್ಟಡಗಳ ವಿಷಯದಲ್ಲಿ ನಿವಾಸಿ ವ್ಯಕ್ತಿಗಳಿಗೆ ಕೊಟ್ಟ ಸೂಚ್ಯಂಕದ ಆಯ್ಕೆಯನ್ನು ಒಡವೆಗೆ ವಿಸ್ತರಿಸಿಲ್ಲ.

ಮೂಲ ವೆಚ್ಚ ಮತ್ತು 2001ರ ಬೆಲೆ

ಅಂಗಡಿಯಲ್ಲಿ ಕೊಂಡ ಒಡವೆಯಾದರೆ ಬಿಲ್ಲಿನ ಪೂರ್ತಿ ಮೊತ್ತ ಮೂಲ ವೆಚ್ಚ. ಚಿನ್ನದ ಬೆಲೆಯ ಜೊತೆಗೆ ಮಜೂರಿ, ವೇಸ್ಟೇಜ್, ಜಿಎಸ್‌ಟಿಯೂ ಅದರಲ್ಲಿ ಸೇರುತ್ತವೆ. ಮುಂದೆ ಅದಕ್ಕೆ ಚಿನ್ನ ಸೇರಿಸಿ ಮಾಡಿಸಿದ್ದರೆ ಆ ಖರ್ಚು ಸುಧಾರಣಾ ವೆಚ್ಚವಾಗುತ್ತದೆ.

ಆದರೆ ಮಾರಾಟಕ್ಕೆ ಬರುವ ಹಳೆಯ ಒಡವೆಯಲ್ಲಿ ಬಹಳಷ್ಟು ಅಮ್ಮನದೋ ಅಜ್ಜಿಯದೋ ಆಗಿರುತ್ತದೆ. ಬಿಲ್ಲು ಇರುವುದಿಲ್ಲ, ಕೈಯಿಂದ ದುಡ್ಡೂ ಹೋಗಿರುವುದಿಲ್ಲ. ಕೊಟ್ಟ ಬೆಲೆ ಸೊನ್ನೆಯಾದ್ದರಿಂದ ಮಾರಿದ ಹಣವೆಲ್ಲ ಲಾಭವೇ ಎಂದು ಕೆಲವರು ಹೆದರುತ್ತಾರೆ. ಪಿತ್ರಾರ್ಜಿತವಾದ್ದರಿಂದ ತೆರಿಗೆಯೇ ಇಲ್ಲ ಎಂದು ಮತ್ತೆ ಕೆಲವರು ನಂಬುತ್ತಾರೆ. ಎರಡೂ ತಪ್ಪು. ಉತ್ತರಾಧಿಕಾರ, ಉಯಿಲು, ಉಡುಗೊರೆ ಅಥವಾ ಕುಟುಂಬದ ವಿಭಾಗದಿಂದ ಬಂದ ಒಡವೆಗೆ, ಅದನ್ನು ಹಣ ಕೊಟ್ಟು ಪಡೆದ ಹಿಂದಿನ ಒಡೆಯರ ವೆಚ್ಚವೇ ಮೂಲ ವೆಚ್ಚ ಎಂದು ಕಲಂ 49(1) ಹೇಳುತ್ತದೆ. ಅವರ ಬಳಿ ಇದ್ದ ಕಾಲವೂ ಅವಧಿಯ ಲೆಕ್ಕಕ್ಕೆ ಸೇರುತ್ತದೆ. ಹೀಗಾಗಿ ಅಮ್ಮ ತೀರಿಕೊಂಡ ಆರು ತಿಂಗಳಿಗೇ ಅವರ ಹಳೆಯ ಬಳೆ ಮಾರಿದರೂ ಲಾಭ ದೀರ್ಘಾವಧಿಯದು.

ಹಿಂದಿನವರು 2001ರ ಏಪ್ರಿಲ್ 1ಕ್ಕೆ ಮೊದಲೇ ಪಡೆದಿದ್ದ ಒಡವೆಯಾದರೆ ಇನ್ನೊಂದು ಆಯ್ಕೆಯಿದೆ. ನಿಜವಾದ ವೆಚ್ಚದ ಬದಲು ಆ ದಿನದ ಮಾರುಕಟ್ಟೆ ಬೆಲೆಯನ್ನು ಮೂಲ ವೆಚ್ಚವೆಂದು ಹಿಡಿಯಬಹುದು. ಅರ್ಧ ಶತಮಾನದ ಹಿಂದಿನ ಬಿಲ್ಲು ಹುಡುಕುವ ಕಷ್ಟ ಇದರಿಂದ ತಪ್ಪುತ್ತದೆ. ಬೆಲೆಗೆ ಆಧಾರ ನೋಂದಾಯಿತ ಮೌಲ್ಯಮಾಪಕರ ವರದಿ. ಅದರಲ್ಲಿ ಪ್ರತಿ ಒಡವೆಯ ವಿವರ, ಒಟ್ಟು ತೂಕ, ಕಲ್ಲು ಮತ್ತು ಅರಗು ಕಳೆದ ನಿವ್ವಳ ತೂಕ, ಶುದ್ಧತೆ ಇರಬೇಕು. ಮಾರಿದ ಮೇಲೆ ಅಂಗಡಿಯವರು ಒಡವೆಯನ್ನು ಕರಗಿಸಿಬಿಡುವುದರಿಂದ ಈ ವರದಿಯನ್ನು ಮಾರುವ ಮೊದಲೇ ಮಾಡಿಸಿಕೊಳ್ಳಬೇಕು.

ತಪ್ಪು ಹೆಚ್ಚಾಗಿ ನುಸುಳುವುದು ತೂಕದಲ್ಲೇ. 2001ರ ಬೆಲೆಯನ್ನು ಕಲ್ಲು, ಅರಗು ಸೇರಿದ 64 ಗ್ರಾಂಗೆ ಕಟ್ಟಿ, ಮಾರಾಟದ ಬೆಲೆಯನ್ನು ಕರಗಿಸಿದ ಮೇಲೆ ಉಳಿದ 50 ಗ್ರಾಂಗೆ ಪಡೆದರೆ ಎರಡು ಅಂಕಿಗಳು ಒಂದೇ ವಸ್ತುವಿನವಾಗುವುದಿಲ್ಲ. ಕಲ್ಲುಗಳನ್ನು ಕಿತ್ತು ಮನೆಗೆ ತಂದಿದ್ದರೆ ಅವುಗಳ ಮೌಲ್ಯವನ್ನು ಮೂಲ ವೆಚ್ಚದಲ್ಲಿ ಸೇರಿಸುವಂತಿಲ್ಲ. ಅವು ಇನ್ನೂ ಮಾರಾಟವಾಗಿಲ್ಲ.

ಒಂದು ಲೆಕ್ಕ

ಶಿವಮೊಗ್ಗದ ನಿವೃತ್ತ ಶಿಕ್ಷಕಿಯೊಬ್ಬರಿಗೆ ತಾಯಿಯ ಸರ ಮತ್ತು ಬಳೆಗಳು 2015ರಲ್ಲಿ ಉತ್ತರಾಧಿಕಾರದಿಂದ ಬಂದವೆಂದುಕೊಳ್ಳೋಣ. ತಾಯಿ ಅವನ್ನು ಮಾಡಿಸಿಕೊಂಡದ್ದು 1978ರಲ್ಲಿ. 2025ರ ನವೆಂಬರಿನಲ್ಲಿ ಅಂಗಡಿಯಲ್ಲಿ ಕರಗಿಸಿ ನೋಡಿದಾಗ 22 ಕ್ಯಾರಟ್‌ನ 50 ಗ್ರಾಂ ನಿಂತಿತು. ಗ್ರಾಂಗೆ 11,000ದಂತೆ 5,50,000 ರೂಪಾಯಿ ಅವರ ಬ್ಯಾಂಕ್ ಖಾತೆಗೆ ಬಂತು. ಮಾರಾಟಕ್ಕೆ ತಗಲಿದ ಖರ್ಚು 2,000. ಮೌಲ್ಯಮಾಪಕರು 2001ರ ಏಪ್ರಿಲ್ 1ರ ಬೆಲೆಯನ್ನು ಗ್ರಾಂಗೆ 400 ಎಂದು ಹಿಡಿದು 50 ಗ್ರಾಂಗೆ 20,000 ಎಂದು ಬರೆದುಕೊಟ್ಟರು.

ಲಾಭ 5,50,000ದಿಂದ 2,000 ಮತ್ತು 20,000 ಕಳೆದು 5,28,000. ಅದರ ಶೇ. 12.5 ಎಂದರೆ 66,000, ಸೆಸ್ 2,640, ಒಟ್ಟು ತೆರಿಗೆ 68,640 ರೂಪಾಯಿ. ಇದೇ ಅಂಕಿಗಳನ್ನು 2024ರ ಜುಲೈಗೆ ಹಿಂದಿನ ನಿಯಮಕ್ಕೆ ಹಾಕಿ ನೋಡಿದರೆ, 2024–25ರ ಸೂಚ್ಯಂಕ 363ರಂತೆ ಮೂಲ ವೆಚ್ಚ 72,600ಕ್ಕೆ ಏರುತ್ತದೆ. ಲಾಭ 4,75,400, ಅದರ ಶೇ. 20 ಎಂದರೆ 95,080. ಚಿನ್ನದ ಬೆಲೆ ಹಣದುಬ್ಬರವನ್ನು ಬಹಳ ಹಿಂದೆ ಹಾಕಿರುವುದರಿಂದ ಇಂಥ ಹಳೆಯ ಒಡವೆಗೆ ಸೂಚ್ಯಂಕ ಹೋದರೂ ತೆರಿಗೆ ಇಳಿದಿದೆ. ಬೆಲೆ ಹೆಚ್ಚೇನೂ ಏರದ ಆಸ್ತಿಯಾಗಿದ್ದರೆ ಫಲ ತಿರುಗುಮುರುಗಾಗುತ್ತಿತ್ತು.

ಶಿಕ್ಷಕಿಯ ಪಿಂಚಣಿ, ಕಡಿತಗಳ ನಂತರ, 5,00,000 ಇದೆಯೆನ್ನೋಣ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆಯಿಲ್ಲ ಎಂಬ ಮಾತು ಇಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಅವರ ಒಟ್ಟು ಆದಾಯ 10,28,000. ಪಿಂಚಣಿಗೆ ಬೀಳುವ 5,000 ತೆರಿಗೆಯನ್ನು ಕಲಂ 87ಎ ರಿಯಾಯಿತಿ ಅಳಿಸುತ್ತದೆ. ಆದರೆ ವಿಶೇಷ ದರದ ಬಂಡವಾಳ ಲಾಭದ ತೆರಿಗೆಗೆ ಆ ರಿಯಾಯಿತಿ ಸಲ್ಲುವುದಿಲ್ಲ. 68,640 ಹಾಗೆಯೇ ಉಳಿಯುತ್ತದೆ.

ಅವರಿಗೆ ಬೇರೆ ಆದಾಯವೇ ಇಲ್ಲದಿದ್ದರೆ ಚಿತ್ರ ಬದಲಾಗುತ್ತಿತ್ತು. ನಿವಾಸಿ ವ್ಯಕ್ತಿ ತನ್ನ ಮೂಲ ವಿನಾಯಿತಿಯಲ್ಲಿ ಬಳಸದೆ ಉಳಿದ ಪಾಲನ್ನು ದೀರ್ಘಾವಧಿ ಲಾಭದಿಂದ ಕಳೆಯಬಹುದು. ಹೊಸ ಪದ್ಧತಿಯ 4,00,000 ಕಳೆದರೆ ಉಳಿಯುವುದು 1,28,000. ತೆರಿಗೆ 16,000, ಸೆಸ್ 640. ಅಮೆರಿಕದಲ್ಲೋ ದುಬೈನಲ್ಲೋ ನೆಲೆಸಿ ಅನಿವಾಸಿಯಾಗಿರುವ ಮಗಳು ಇದೇ ಒಡವೆಯನ್ನು ಊರಿಗೆ ಬಂದು ಮಾರಿದರೆ ಈ ಹೊಂದಾಣಿಕೆ ಸಿಗದು. ಅವಳಿಗೆ ಪೂರ್ತಿ 5,28,000ಕ್ಕೂ ತೆರಿಗೆ ಬೀಳುತ್ತದೆ.

ಬದಲಿ, ಮರುಕಟ್ಟು, ಅಡವು

ಹಳೆ ಚಿನ್ನ ಕೊಟ್ಟು ಹೊಸ ಒಡವೆ ತರುವವರ ಕೈಗೆ ನಗದು ಬರುವುದಿಲ್ಲ. ಆದ್ದರಿಂದ ತೆರಿಗೆಯ ಮಾತೇ ಏಳದೆಂದು ಅನೇಕರ ಅನಿಸಿಕೆ. ಆದರೆ ವರ್ಗಾವಣೆ ಎಂಬುದರಲ್ಲಿ ಮಾರಾಟದಂತೆ ವಿನಿಮಯವೂ ಸೇರಿದೆ. 5,50,000 ಬೆಲೆಯ ಹಳೆ ಚಿನ್ನ ಕೊಟ್ಟು, ಮೇಲೆ 1,50,000 ಸೇರಿಸಿ 7,00,000ದ ಹಾರ ತಂದರೆ ಹಳೆಯ ಒಡವೆಯ ಲಾಭ ಮೇಲಿನ ಲೆಕ್ಕದಷ್ಟೇ. ಹೊಸ ಹಾರದ ಮೂಲ ವೆಚ್ಚ 7,00,000, ಅದರ ಅವಧಿ ಅಂದಿನಿಂದ ಶುರು. ಅಂಗಡಿಯ ಬಿಲ್ಲಿನಲ್ಲಿ ಹಳೆ ಚಿನ್ನದ ತೂಕ, ಶುದ್ಧತೆ, ಬೆಲೆಯನ್ನು ಬೇರೆಯಾಗಿ ಬರೆಸಿಕೊಳ್ಳದೆ ಬರೀ ವ್ಯತ್ಯಾಸದ ಮೊತ್ತಕ್ಕೆ ರಸೀತಿ ಪಡೆದರೆ ಮುಂದೆ ಎರಡು ಕಡೆಯ ಲೆಕ್ಕವೂ ಕೆಡುತ್ತದೆ. ತನ್ನದೇ ಚಿನ್ನವನ್ನು ಅಕ್ಕಸಾಲಿಗರಿಗೆ ಕೊಟ್ಟು ಅದೇ ಚಿನ್ನದಲ್ಲಿ ಬೇರೆ ನಮೂನೆಯ ಒಡವೆ ಮಾಡಿಸಿಕೊಂಡು, ಮಜೂರಿ ಮಾತ್ರ ಕೊಟ್ಟರೆ ಚಿನ್ನದ ಒಡೆತನ ಕೈ ಬದಲಾಗುವುದಿಲ್ಲ. ಅಲ್ಲಿ ವರ್ಗಾವಣೆಯೇ ಇಲ್ಲ.

ಚಿನ್ನವನ್ನು ಅಡವಿಟ್ಟು ಸಾಲ ಪಡೆದರೆ ಅದೂ ವರ್ಗಾವಣೆಯಲ್ಲ. ಆದರೆ ಸಾಲ ತೀರದೆ ಬ್ಯಾಂಕು ಒಡವೆಯನ್ನು ಹರಾಜು ಹಾಕಿದರೆ ಆ ಮಾರಾಟ ಒಡವೆಯ ಒಡೆಯನದೇ. ಹರಾಜಿನ ಹಣ ನೇರ ಸಾಲಕ್ಕೆ ಜಮೆಯಾಗಿ ಕೈಗೆ ಕಾಸೂ ಬರದಿದ್ದರೂ ಲಾಭದ ತೆರಿಗೆ ಅವನ ಮೇಲೆಯೇ ಬೀಳುತ್ತದೆ. ತಾನೇ ಮಾಡಿದ ಸಾಲದ ಮರುಪಾವತಿಯನ್ನು ಖರ್ಚೆಂದು ಕಳೆಯಲಾಗದು.

ಲಾಭ ಯಾರದು

ಅಣ್ಣ, ತಂಗಿ ಇಬ್ಬರಿಗೂ ಪಾಲಿರುವ ಅಮ್ಮನ ಒಡವೆಯನ್ನು ಅಣ್ಣನೇ ಅಂಗಡಿಗೆ ಒಯ್ದು ಮಾರಿ ಅರ್ಧ ಹಣವನ್ನು ತಂಗಿಗೆ ಕಳಿಸಿದರೆ, ಅರ್ಧ ಲಾಭ ಅವಳ ರಿಟರ್ನ್‌ನಲ್ಲೇ ಬರಬೇಕು. ಅಂಗಡಿಯ ಚೀಟಿ ಒಬ್ಬರ ಹೆಸರಿನಲ್ಲಿ, ಹಣ ಒಬ್ಬರ ಖಾತೆಯಲ್ಲಿ ಇದ್ದರೆ ಇದನ್ನು ಆಮೇಲೆ ಬಿಡಿಸಿ ತೋರಿಸುವುದು ಕಷ್ಟವಾದ್ದರಿಂದ, ಪಾಲಿನ ಬಗ್ಗೆ ಮನೆಯವರ ನಡುವೆ ಒಂದು ಬರಹ ಮೊದಲೇ ಇರುವುದು ಒಳ್ಳೆಯದು.

ಹೆಂಡತಿಯ ಒಡವೆಯಲ್ಲಿ ಇನ್ನೊಂದು ತೊಡಕಿದೆ. ತವರಿನಿಂದ ಬಂದ ಒಡವೆಯ ಲಾಭ ಅವಳದೇ. ಮದುವೆಯಾದ ಮೇಲೆ ಗಂಡ ತನ್ನ ದುಡ್ಡಿನಲ್ಲಿ ಮಾಡಿಸಿ ಉಡುಗೊರೆ ಕೊಟ್ಟ ಒಡವೆಯನ್ನು ಅವಳು ಮಾರಿದರೆ, ಕಲಂ 64ರ ಪ್ರಕಾರ ಆ ಲಾಭ ಗಂಡನ ಆದಾಯಕ್ಕೆ ಸೇರುತ್ತದೆ.

ಮನೆಯ ಚಿನ್ನದ ಬಗ್ಗೆ ಹರಡಿರುವ ಒಂದು ಗೊಂದಲವೂ ಇಲ್ಲಿಗೆ ಸಂಬಂಧಿಸಿದ್ದು. ವಿವಾಹಿತ ಮಹಿಳೆಗೆ 500 ಗ್ರಾಂ, ಅವಿವಾಹಿತೆಗೆ 250, ಪುರುಷನಿಗೆ 100 ಗ್ರಾಂವರೆಗೆ ವಿನಾಯಿತಿ ಇದೆ ಎಂಬ ಮಾತಿನ ಮೂಲ ಕೇಂದ್ರ ನೇರ ತೆರಿಗೆ ಮಂಡಳಿ 1994ರಲ್ಲಿ ಹೊರಡಿಸಿದ ಸೂಚನೆ. ಶೋಧದ ವೇಳೆ ಅಷ್ಟು ಒಡವೆಯನ್ನು ವಶಪಡಿಸಿಕೊಳ್ಳಬಾರದೆಂದು ಅದು ಅಧಿಕಾರಿಗಳಿಗೆ ಹೇಳುತ್ತದೆ. ಮಾರಿದಾಗ ಬರುವ ಲಾಭಕ್ಕೆ ಅದು ಯಾವ ವಿನಾಯಿತಿಯನ್ನೂ ಕೊಡುವುದಿಲ್ಲ.

ಹಣ ಪಡೆಯುವುದು, ರಿಟರ್ನ್, ಮನೆ ಖರೀದಿ

ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಕಲಂ 269ಎಸ್‌ಟಿ ನಿಷೇಧಿಸುತ್ತದೆ. ಪಡೆದವರಿಗೆ ಪಡೆದಷ್ಟೇ ದಂಡ. ತೆರಿಗೆಯಿಲ್ಲದ ಕಾರಿನ ಮಾರಾಟಕ್ಕೂ ಇದು ಅನ್ವಯಿಸುತ್ತದೆ. ಚಿನ್ನದಂಗಡಿಯವರು ದಿನಕ್ಕೆ ಒಬ್ಬರಿಗೆ 10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಅವರ ಖರ್ಚಿನ ಲೆಕ್ಕ ತೆರಿಗೆಯಲ್ಲಿ ನಿಲ್ಲದು. ಹಳೆ ಚಿನ್ನದ ಹಣವನ್ನು ಖಾತೆಗೇ ಹಾಕುತ್ತೇವೆ ಎಂದು ಅವರು ಹೇಳುವುದು ಇದಕ್ಕೇ.

ಕಾರು ಮಾರಿದವರು ಫಾರ್ಮ್ 29 ಮತ್ತು 30ರ ಪ್ರತಿ, ಕಾರು ಒಪ್ಪಿಸಿದ ದಿನದ ರಸೀತಿ, ಆರ್‌ಸಿ ಹೊಸಬರ ಹೆಸರಿಗೆ ಹೋದ ದಾಖಲೆ ಇಟ್ಟುಕೊಂಡರೆ ಖಾತೆಗೆ ಬಂದ ಹಣ ಏನೆಂದು ತೋರಿಸಲು ಸಾಕು. ಒಡವೆ ಮಾರಿದವರು ಅಂಗಡಿಯ ಖರೀದಿ ಚೀಟಿ, ಮೌಲ್ಯಮಾಪನ ವರದಿಯ ಜೊತೆಗೆ ಒಡವೆ ತಮಗೆ ಹೇಗೆ ಬಂತೆಂಬ ಆಧಾರವನ್ನೂ ಇಟ್ಟುಕೊಳ್ಳಬೇಕು: ಉಯಿಲು, ವಿಭಾಗಪತ್ರ, ಹಳೆಯ ಸಂಪತ್ತು ತೆರಿಗೆಯ ರಿಟರ್ನ್, ಇಲ್ಲವೇ ಅದೇ ಒಡವೆ ತೊಟ್ಟ ಮದುವೆಯ ಫೋಟೋ. ಮೂಲವನ್ನು ತೋರಿಸಲಾಗದಿದ್ದರೆ ಚರ್ಚೆ ಬಂಡವಾಳ ಲಾಭವನ್ನು ಬಿಟ್ಟು, ಬಹಳ ಹೆಚ್ಚಿನ ದರದ ಮೂಲ ತಿಳಿಯದ ಸಂಪತ್ತಿನ ಕಡೆಗೆ ಹೊರಳುತ್ತದೆ.

ಒಡವೆಯ ಲಾಭವನ್ನು ಐಟಿಆರ್–1ರಲ್ಲಿ ತೋರಿಸಲಾಗದು. ವ್ಯಾಪಾರ, ವೃತ್ತಿಯ ಆದಾಯವಿಲ್ಲದವರಿಗೆ ಐಟಿಆರ್–2 ಬೇಕು. ತೆರಿಗೆಯನ್ನು ಮಾರಾಟದ ನಂತರ ಬರುವ ಮುಂಗಡ ತೆರಿಗೆ ಕಂತುಗಳಲ್ಲಿ ಕಟ್ಟಬೇಕು. ವ್ಯಾಪಾರ ಆದಾಯವಿಲ್ಲದ 60 ದಾಟಿದ ನಿವಾಸಿಗಳಿಗೆ ಮುಂಗಡ ತೆರಿಗೆಯಿಲ್ಲ. ಅವರು ರಿಟರ್ನ್ ಸಲ್ಲಿಸುವಾಗ ಕಟ್ಟಬಹುದು. ಒಡವೆಯಲ್ಲಿ ದೀರ್ಘಾವಧಿ ನಷ್ಟವಾಗಿದ್ದರೆ ಗಡುವಿನೊಳಗೆ ರಿಟರ್ನ್ ಸಲ್ಲಿಸಿ ಅದನ್ನು ಮುಂದಿನ 8 ವರ್ಷ ಒಯ್ಯಬಹುದು, ಆದರೆ ದೀರ್ಘಾವಧಿ ಲಾಭದಿಂದ ಮಾತ್ರ ಕಳೆಯಬಹುದು.

ದೀರ್ಘಾವಧಿ ಲಾಭದ ತೆರಿಗೆಯನ್ನು ಉಳಿಸುವ ಮುಖ್ಯ ದಾರಿ ಕಲಂ 54ಎಫ್. ಒಡವೆ ಮಾರಿದ ಹಣದಲ್ಲಿ ಭಾರತದಲ್ಲಿ ಒಂದು ವಾಸದ ಮನೆಯನ್ನು, ಮಾರಾಟಕ್ಕೆ ಒಂದು ವರ್ಷ ಮೊದಲು ಅಥವಾ ಎರಡು ವರ್ಷದೊಳಗೆ ಕೊಂಡರೆ, ಇಲ್ಲವೇ ಮೂರು ವರ್ಷದೊಳಗೆ ಕಟ್ಟಿಸಿದರೆ ವಿನಾಯಿತಿಯುಂಟು. ಇಲ್ಲಿ ಹೂಡಬೇಕಾದದ್ದು ಲಾಭವನ್ನಷ್ಟೇ ಅಲ್ಲ, ಖರ್ಚು ಕಳೆದು ಬಂದ ಪೂರ್ತಿ ಹಣವನ್ನು. ಶಿಕ್ಷಕಿ 5,48,000ವನ್ನೂ ಹೊಸ ಮನೆಗೆ ಹಾಕಿದರೆ ತೆರಿಗೆ ಪೂರ್ತಿ ಹೋಗುತ್ತದೆ; ಅರ್ಧ ಹಾಕಿದರೆ ಅರ್ಧ ಲಾಭಕ್ಕೆ ಮಾತ್ರ ವಿನಾಯಿತಿ. ಮಾರಿದ ದಿನ ಆ ಹೊಸ ಮನೆಯನ್ನು ಬಿಟ್ಟು ಒಂದಕ್ಕಿಂತ ಹೆಚ್ಚು ವಾಸದ ಮನೆ ಇರುವವರಿಗೆ ಈ ದಾರಿ ಮುಚ್ಚಿದೆ. ರಿಟರ್ನ್ ಗಡುವಿನೊಳಗೆ ಬಳಸದೆ ಉಳಿದ ಹಣವನ್ನು ಬ್ಯಾಂಕಿನ ಬಂಡವಾಳ ಲಾಭ ಖಾತೆ ಯೋಜನೆಯಲ್ಲಿ ಇಡಬೇಕು. ಸಾಮಾನ್ಯ ಉಳಿತಾಯ ಖಾತೆಯಲ್ಲಿ ಇಟ್ಟ ಹಣ ಈ ವಿನಾಯಿತಿಯ ಲೆಕ್ಕಕ್ಕೆ ಬರುವುದಿಲ್ಲ.